ನಿಂಬೆಹಣ್ಣಿಗೆ ಬಗ್ಗದ ಉಗುರುಸುತ್ತು

ವಿಜಯಪುರದಲ್ಲಿ ನಮ್ಮದೊಂದು ಸಣ್ಣ ಖಾನಾವಳಿ. ಬಾಂಡೆ ತಿಕ್ಕುವುದು ಬಹುಪಾಲು ನಾನೇ. ಕಳೆದ ಮಳೆಗಾಲದಲ್ಲಿ ಬಲಗೈಯ ತೋರುಬೆರಳು, ನಡುಬೆರಳು ಎರಡರಲ್ಲೂ ಉಗುರಿನ ಬುಡ ಕೆಂಪಾಗಿ ಉಬ್ಬಿಕೊಂಡಿತು.

ಹಿಂದೊಮ್ಮೆ ಹೆಬ್ಬೆರಳಿಗೆ ಹೀಗಾದಾಗ ಎರಡೇ ದಿನದಲ್ಲಿ ಕೀವು ತುಂಬಿ ರಾತ್ರಿಯಿಡೀ ಸಿಡಿದಿತ್ತು. ಡಾಕ್ಟರು ಕೀವು ತೆಗೆದರು, ವಾರದಲ್ಲಿ ಗುಣವಾಯಿತು. ಈ ಸಲ ಕೀವಿಲ್ಲ, ಜ್ವರವಿಲ್ಲ. ಬಾಂಡೆ ತೊಳೆದ ಮೇಲೆ ನೋವು ಏರುವುದು, ರಜೆಯ ದಿನ ಇಳಿಯುವುದು. ಅತ್ತೆಯವರು ಹೇಳಿದಂತೆ ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ಸಿಕ್ಕಿಸಿಕೊಂಡೆ. ಉರಿ ಹೆಚ್ಚಾಯಿತು. ಔಷಧಿ ಅಂಗಡಿಯಿಂದ ತಂದ ಆಂಟಿಬಯೋಟಿಕ್ ಐದು ದಿನ ನುಂಗಿದರೂ ಏನೂ ಆಗಲಿಲ್ಲ. ಎರಡು ತಿಂಗಳು ಹೀಗೇ ಕಳೆದು, ಉಗುರಿನ ಮೇಲೆ ಅಡ್ಡ ಗೀರುಗಳೂ ಮೂಡಿದವು.

ಚರ್ಮದ ಡಾಕ್ಟರು ಬೆರಳನ್ನು ಬೆಳಕಿಗೆ ಹಿಡಿದು ಕೇಳಿದರು: "ಅಕ್ಕಾರ, ಇಲ್ಲಿ ತೆಳ್ಳನ ಪೊರಿ ಇರಬೇಕಲ್ರಿ, ಎಲ್ಲಿ ಹೋತು?" ಉಳಿದ ಬೆರಳು ನೋಡಿಕೊಂಡೆ. ಅಲ್ಲೆಲ್ಲ ಚರ್ಮ ಉಗುರಿಗೆ ಅಂಟಿಕೊಂಡಿತ್ತು, ಈ ಎರಡರಲ್ಲಿ ಮಾತ್ರ ಸಂದಿ ಬಿದ್ದಿತ್ತು. ಆ ಪೊರೆಯೇ ಅಂಟು. ಅದು ಹೋದರೆ ಸೋಪಿನ ನೀರು ಸೀದಾ ಒಳಗಿಳಿದು ಚರ್ಮವನ್ನು ಕೆರಳಿಸುತ್ತದೆ. ಒದ್ದೆಯಿರುವಲ್ಲಿ ಬೂಸ್ಟೂ ಸೇರಿಕೊಳ್ಳುತ್ತದೆ, ಆದರೆ ಮೂಲ ನೀರೇ. ಸಕ್ಕರೆ ಕಾಯಿಲೆ ಇದ್ದರೆ ಬೇಗ ಮಾಯುವುದಿಲ್ಲವೆಂದು ರಕ್ತ ಪರೀಕ್ಷೆಯನ್ನೂ ಮಾಡಿಸಿದರು. ನನಗೆ ಇರಲಿಲ್ಲ.

ರಾತ್ರಿ ಹಚ್ಚಲು ಸ್ಟಿರಾಯ್ಡ್ ಮುಲಾಮು ಕೊಟ್ಟರು, ಮೂರು ವಾರ ಮಾತ್ರ. ಕೀವಿದ್ದಾಗ ಅದನ್ನು ಹಚ್ಚಬಾರದು, ಸುಮ್ಮನೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ ಎಂದೂ ಹೇಳಿದರು. ಮುಲಾಮಿಗಿಂತ ಕಷ್ಟವಾದದ್ದು ಕೈ ಒಣಗಿಸಿಟ್ಟುಕೊಳ್ಳುವುದು. ಬರೀ ರಬ್ಬರ್ ಗ್ಲೌಸ್ ಹಾಕಿದರೆ ಒಳಗೆ ಬೆವರಿ ಬೆರಳು ಮತ್ತೆ ನೆನೆಯುತ್ತಿತ್ತು. ಒಳಗೆ ಹತ್ತಿಯ ಗ್ಲೌಸ್, ಮೇಲೆ ರಬ್ಬರಿನದು ಹಾಕತೊಡಗಿದೆ. ಹತ್ತಿಯದು ನಾಲ್ಕು ಜೊತೆ ಇಟ್ಟುಕೊಂಡು, ಒದ್ದೆಯಾದ ಕೂಡಲೇ ಬದಲಿಸುತ್ತಿದ್ದೆ. ಬೆಳ್ಳುಳ್ಳಿ ಸುಲಿಯುವುದು, ಟೊಮ್ಯಾಟೊ ಹೆಚ್ಚುವುದು ಬಿಟ್ಟೆ. ಬಿಸಿನೀರಲ್ಲಿ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯುವುದನ್ನು ಗ್ಲೌಸ್ ಹಾಕಿ ಮಾಡಲಾಗದು, ಅದನ್ನು ಸೊಸೆ ವಹಿಸಿಕೊಂಡಳು. ಕೈ ತೊಳೆದಾಗಲೆಲ್ಲ ಬಟ್ಟೆಯಿಂದ ಒತ್ತಿ ಒರೆಸಿ, ಉಗುರಿನ ಬುಡಕ್ಕೆ ವ್ಯಾಸಲೀನ್ ಸವರುತ್ತಿದ್ದೆ.

ಮೂರು ವಾರಕ್ಕೆ ಕೆಂಪು ಇಳಿಯಿತು. ನೋವಿಲ್ಲವೆಂದು ಗ್ಲೌಸ್ ಬಿಟ್ಟೆ, ಎಂಟು ದಿನಕ್ಕೆ ಮತ್ತೆ ಉಬ್ಬಿತು. ಸಂದಿ ಇನ್ನೂ ಮುಚ್ಚಿರಲಿಲ್ಲ. ಪೊರೆ ಮತ್ತೆ ಅಂಟಿದ್ದು ಮೂರು ತಿಂಗಳಿಗೆ. ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಮಾತ್ರ ಬೆಳೆಯುವುದರಿಂದ ಗೀರುಗಳು ತುದಿಗೆ ಬಂದು ಕತ್ತರಿಸಿ ಹೋಗಲು ಇನ್ನಷ್ಟು ಕಾಲ ಹಿಡಿಯಿತು.

ನಮ್ಮಲ್ಲಿ ಬಾಂಡೆಗೆ ಬರುವ ಹುಡುಗಿಗೆ ಈಗ ಮೊದಲು ಪೊರೆ ತೋರಿಸುತ್ತೇನೆ. ಅದನ್ನು ಕತ್ತರಿಸಬೇಡ, ಹಿಂದಕ್ಕೆ ನೂಕಬೇಡ ಎನ್ನುತ್ತೇನೆ. ಕೀವು ಕಂಡರೆ, ಕೆಂಪು ಗೆರೆ ಕೈಮೇಲಕ್ಕೆ ಏರಿದರೆ, ಬೆರಳು ಮಡಚಲು ಬಾರದಿದ್ದರೆ ಅಂದೇ ದವಾಖಾನೆಗೆ ಕರೆದೊಯ್ಯುತ್ತೇನೆ.