ವಾಚಿನ ಕೇಸಿನ ಗೀರು: ಉಜ್ಜುವ ಮೊದಲು, ಉಜ್ಜುವಾಗ, ಕೈಬಿಡಬೇಕಾದಾಗ

ಪಾಲಿಶ್ ಮಾಡಿದರೆ ಗೀರು ತುಂಬಿಕೊಳ್ಳುತ್ತದೆ ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ನಡೆಯುವುದು ಬೇರೆ. ಗೀರಿನ ಅಕ್ಕಪಕ್ಕದ ಲೋಹವೆಲ್ಲ ಸವೆದು ಗೀರಿನ ತಳದ ಮಟ್ಟಕ್ಕೆ ಇಳಿಯುತ್ತದೆ. ಅಂಗಳದ ಗುಂಡಿಗೆ ಮಣ್ಣು ತುಂಬುವ ಬದಲು ಇಡೀ ಅಂಗಳವನ್ನೇ ಗುಂಡಿಯ ತಳದವರೆಗೆ ಕೆರೆದ ಹಾಗೆ. ಗೀರು ತೀರಾ ಮೇಲುಮೇಲಿನದಾಗಿದ್ದರೆ ಹೋಗುವ ಲೋಹ ಲೆಕ್ಕಕ್ಕೆ ಬಾರದು. ಆಳವಾಗಿದ್ದರೆ ಗೀರಿನ ಜೊತೆಗೆ ಕೇಸಿನ ಆಕಾರವೂ ಹೋಗುತ್ತದೆ.

ಆದ್ದರಿಂದ ಮೊದಲ ಕೆಲಸ ಉಜ್ಜುವುದಲ್ಲ, ಒರೆಸುವುದು. ಒದ್ದೆ ಬಟ್ಟೆಗೆ ಒಂದು ಹನಿ ಸೋಪು ಹಾಕಿ ಕೇಸನ್ನು ಚೆನ್ನಾಗಿ ಒರೆಸಿ, ಒಣಗಿಸಿ. ಗೀರು ಎಂದುಕೊಂಡಿದ್ದರಲ್ಲಿ ಕೆಲವು ಅಲ್ಲೇ ಮಾಯವಾದರೆ ಆಶ್ಚರ್ಯಪಡಬೇಡಿ. ಉಕ್ಕಿಗಿಂತ ಮೆತ್ತಗಿನ ಲೋಹ ತಾಗಿದಾಗ ಆ ಲೋಹವೇ ಕೇಸಿನ ಮೇಲೆ ಮೆತ್ತಿಕೊಂಡು ಗೀರಿನ ಹಾಗೆ ಕಾಣುತ್ತದೆ. ಉಳಿದ ಗೆರೆಗಳ ಮೇಲೆ ಉಗುರನ್ನು ಅಡ್ಡಲಾಗಿ ನಿಧಾನಕ್ಕೆ ಎಳೆಯಿರಿ. ಉಗುರು ಎಲ್ಲೂ ತಡೆಯದೆ ಜಾರಿದರೆ ಮನೆಯಲ್ಲೇ ಕೈಹಾಕಬಹುದು. ಟಕ್ಕೆಂದು ಸಿಕ್ಕಿಕೊಂಡರೆ ಆ ಗೀರನ್ನು ಮರೆತುಬಿಡಿ.

ಇನ್ನು ಕೇಸು ಯಾವ ಲೋಹದ್ದು ಎಂಬುದು. ಹಿಂದಿನ ಮುಚ್ಚಳದ ಮೇಲೆ ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಎಂದು ಬರೆದಿದ್ದರೆ ಮುಚ್ಚಳ ಮಾತ್ರ ಉಕ್ಕಿನದು ಎಂದರ್ಥ. ಕೇಸು ಹಿತ್ತಾಳೆಯದಾಗಿದ್ದು, ಅದರ ಮೇಲೆ ಕ್ರೋಮಿಯಂ ಅಥವಾ ಚಿನ್ನದ ಲೇಪ ಇರಬಹುದು. ಹಳೆಯ ಗಿಲೀಟು ವಾಚುಗಳ ಮೇಲೆ ‘20 ಮೈಕ್ರಾನ್’ ಅಥವಾ ‘10 ಮೈಕ್ರಾನ್’ ಎಂದು ಲೇಪದ ದಪ್ಪ ಹೇಳುವ ಮುದ್ರೆ ಕಾಣುವುದುಂಟು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಅದರ ಮೂರನೇ ಒಂದು ಪಾಲಿಗೂ ಕಡಿಮೆ ದಪ್ಪದ ಚಿನ್ನವನ್ನು ಉಜ್ಜಿದರೆ ಮೊದಲು ಮೂಲೆಗಳಲ್ಲಿ ಲೇಪ ಹರಿದು, ಒಳಗಿನ ಲೋಹ ಬೇರೆ ಬಣ್ಣದಲ್ಲಿ ಇಣುಕುತ್ತದೆ. ಆಮೇಲೆ ಮತ್ತೆ ಲೇಪ ಹಾಕಿಸುವುದಷ್ಟೇ ದಾರಿ. ಕಪ್ಪು ಲೇಪದ ಕೇಸಿಗೂ ಇದೇ ಮಾತು. ಇವಕ್ಕೆ ಒದ್ದೆ ಬಟ್ಟೆಗಿಂತ ಮುಂದೆ ಹೋಗಬೇಡಿ. ಟೈಟಾನಿಯಂ ಮತ್ತು ಸೆರಾಮಿಕ್ ಕೇಸುಗಳನ್ನೂ ಮನೆಯಲ್ಲಿ ಮುಟ್ಟದಿರುವುದು ಲೇಸು.

ಉಳಿದದ್ದು ಲೇಪವಿಲ್ಲದ ಅಪ್ಪಟ ಸ್ಟೀಲ್ ಕೇಸು. ಹೆಚ್ಚಾಗಿ ಕಾಣಸಿಗುವ ಒಂದು ಮಾದರಿಯನ್ನೇ ತೆಗೆದುಕೊಳ್ಳೋಣ: ಕೇಸಿನ ಪಕ್ಕೆ ಕನ್ನಡಿಯಂತೆ ಹೊಳೆಯುತ್ತದೆ, ಪಟ್ಟಿ ಸಿಕ್ಕಿಸುವ ನಾಲ್ಕು ಲಗ್‌ಗಳ ಮೇಲ್ಭಾಗದಲ್ಲಿ ಒಂದೇ ದಿಕ್ಕಿಗೆ ಎಳೆದ ಸಣ್ಣ ಗೆರೆಗಳ ಮಾಸಲು ಫಿನಿಶ್ ಇದೆ. ಹೊಳೆಯುವ ಪಕ್ಕೆಯ ಮೇಲೆ ಮೇಜಿಗೆ, ತೋಳಿನ ಗುಂಡಿಗೆ ತಾಗಿ ಜೇಡರ ಬಲೆಯಂಥ ಗೀರು. ಇಲ್ಲಿ ನೀವು ಕಾಪಾಡಬೇಕಾದ್ದು ಪಕ್ಕೆಯನ್ನಲ್ಲ, ಪಕ್ಕೆ ಮತ್ತು ಮೇಲ್ಭಾಗ ಕೂಡುವ ಆ ಚೂಪು ಅಂಚನ್ನು.

ಲಗ್‌ಗಳ ನಡುವೆ ಪಟ್ಟಿಯನ್ನು ಹಿಡಿದಿಡುವ ಸಣ್ಣ ಕಡ್ಡಿಯನ್ನು, ಅಂದರೆ ಸ್ಪ್ರಿಂಗ್ ಬಾರನ್ನು, ಒತ್ತಿ ಪಟ್ಟಿಯನ್ನು ಬಿಚ್ಚಿ. ಕೀ ಕೊಡುವ ತಿರುಪನ್ನು ಪೂರ್ತಿ ಒಳಗೆ ಒತ್ತಿ, ತಿರುಗಿಸಿ ಬಿಗಿಯುವಂಥದ್ದಾದರೆ ಬಿಗಿಯಿರಿ. ಮಾಸಲು ಭಾಗ, ಗಾಜು, ಹಿಂಬದಿಯ ಅಕ್ಷರಗಳು ಇವಿಷ್ಟನ್ನೂ ತೆಳು ಅಂಟುಟೇಪಿನಿಂದ ಮುಚ್ಚಿ. ಅಂಚಿನ ಉದ್ದಕ್ಕೆ ಟೇಪನ್ನು ಸರಿಯಾಗಿ ಗೆರೆಗೆ ಕೂರಿಸಿ, ಹಲ್ಲುಕಡ್ಡಿಯಿಂದ ಒತ್ತಿ. ಮೇಲೊಂದು ಪದರ ಟೇಪು ಹಾಕಿದರೆ ಇನ್ನೂ ಒಳ್ಳೆಯದು, ಏಕೆಂದರೆ ಒಂದೇ ಪದರ ಕೆಲಸದ ನಡುವೆಯೇ ಸವೆದು ಹರಿಯುತ್ತದೆ. ನಿಜ ಹೇಳಬೇಕೆಂದರೆ ಉಜ್ಜುವುದಕ್ಕಿಂತ ಟೇಪು ಹಚ್ಚುವುದಕ್ಕೇ ಹೆಚ್ಚು ಹೊತ್ತು ಬೇಕು. ಬೇಜಾರಾಗಿ ಇದನ್ನು ಬಿಟ್ಟವರ ವಾಚನ್ನು ದೂರದಿಂದಲೇ ಗುರುತಿಸಬಹುದು.

ಲೋಹಕ್ಕೆಂದೇ ಮಾಡಿದ, ಪಾಲಿಶ್ ಹೀರಿದ ಬಟ್ಟೆಯ ತುಂಡೊಂದು ಸಾಕು. ಪಕ್ಕೆ ಚಪ್ಪಟೆಯಾಗಿದ್ದರೆ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಳ್ಳಬೇಡಿ. ಬೆರಳಿನ ಮೆತ್ತನೆಯ ತುದಿ ಅಂಚಿನ ಮೇಲೆ ಮಗುಚಿಕೊಂಡು ಅದನ್ನೇ ಮೊದಲು ದುಂಡಗೆ ಮಾಡುತ್ತದೆ. ಸಣ್ಣ ಚಪ್ಪಟೆ ಮರದ ತುಂಡಿಗೆ ಸುತ್ತಿ. ಬಾಗಿದ ಪಕ್ಕೆಗಾದರೆ ಬೆರಳೇ ವಾಸಿ. ಕೇಸಿನ ಉದ್ದಕ್ಕೆ, ಹಗುರಾಗಿ, ಅರ್ಧ ನಿಮಿಷ ಉಜ್ಜಿ. ಬಟ್ಟೆ ಕಪ್ಪಾಗುತ್ತದೆ. ಅದು ಕೊಳೆಯಲ್ಲ, ನಿಮ್ಮ ವಾಚಿನ ಲೋಹದ ಪುಡಿ.

ಪ್ರತಿ ಸುತ್ತಿನ ಬಳಿಕ ಒಣಬಟ್ಟೆಯಿಂದ ಒರೆಸಿ, ದೀಪವನ್ನು ಒಂದು ಪಕ್ಕದಿಂದ ಬೀಳಿಸಿ ಭೂತಗನ್ನಡಿಯಲ್ಲಿ ನೋಡಿ. ಬಲೆಯಂಥ ಗೀರುಗಳು ಮಸುಕಾಗಿ, ತುಂಡು ತುಂಡಾಗಿ ಕಂಡರೆ ಕೆಲಸ ಸರಿಯಾಗಿ ಸಾಗುತ್ತಿದೆ. ಇನ್ನೂ ಎರಡು ಮೂರು ಸುತ್ತು ಸಾಕು. ಸುತ್ತಲಿನದೆಲ್ಲ ಹೊಳೆದು, ಒಂದೇ ಒಂದು ಗೆರೆ ಮಾತ್ರ ಮೊದಲಿನಷ್ಟೇ ದಪ್ಪವಾಗಿ ಉಳಿದಿದ್ದರೆ ಅದು ಆಳದ್ದು. ಕೈಗೆ ಕೆರೆತ ಹತ್ತುವುದು ಇಲ್ಲೇ: ಆ ಒಂದು ಗೆರೆಗಾಗಿ ಅದೇ ಜಾಗದಲ್ಲಿ ತಿಕ್ಕುತ್ತಾ ಹೋದರೆ ಅಲ್ಲಿ ತಗ್ಗು ಬೀಳುತ್ತದೆ. ಹೊಳೆಯುವ ಮೈಯಲ್ಲಿ ತಗ್ಗು ಗೀರಿಗಿಂತ ಕೆಟ್ಟದಾಗಿ ಕಾಣುತ್ತದೆ. ವಾಚನ್ನು ಓರೆ ಮಾಡಿ ದೀಪದ ಪ್ರತಿಬಿಂಬ ನೋಡಿ, ಆ ಪ್ರತಿಬಿಂಬದ ಅಂಚು ನೇರವಾಗಿರುವ ಬದಲು ಅಲೆಯಂತೆ ಬಾಗಿದ್ದರೆ ತಗ್ಗು ಬಿದ್ದಾಗಿದೆ.

ಮಾಸಲು ಭಾಗದ ಗೀರಿಗೆ ಪಾಲಿಶ್ ಬಟ್ಟೆ ತಾಗಿಸಲೇಬಾರದು, ಅಲ್ಲೊಂದು ಹೊಳೆಯುವ ಕಲೆ ನಿಂತುಬಿಡುತ್ತದೆ. ಅಲ್ಲಿ ಬೇಕಾದ್ದು ಅತಿ ನಯವಾದ ಉಜ್ಜು ಪ್ಯಾಡು. ಈಗ ಟೇಪು ಹೊಳೆಯುವ ಪಕ್ಕೆಗೆ. ಪ್ಯಾಡನ್ನು ಮೂಲ ಗೆರೆಗಳ ದಿಕ್ಕಿನಲ್ಲೇ, ಲಗ್‌ನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೇ ಎಳೆತದಲ್ಲಿ ಎಳೆದು, ಎತ್ತಿ, ಮತ್ತೆ ಮೊದಲಿನಿಂದ ಎಳೆಯಿರಿ. ಹಿಂದೆ ಮುಂದೆ ಆಡಿಸಿದರೆ ಗೆರೆಗಳು ಕದಡುತ್ತವೆ. ನಾಲ್ಕೈದು ಎಳೆತದಲ್ಲಿ ಹೊಸ ಗೆರೆಗಳ ನಡುವೆ ಗೀರು ಬೆರೆತುಹೋಗುತ್ತದೆ. ಗೆರೆಗಳು ವೃತ್ತಾಕಾರವಾಗಿದ್ದರೆ ಅಥವಾ ಸೂರ್ಯಕಿರಣದಂತೆ ಹರಡಿದ್ದರೆ ಕೈಯಲ್ಲಿ ಸರಿಹೊಂದಿಸುವುದು ಅಸಾಧ್ಯವೆಂದೇ ಹೇಳಬೇಕು.

ಅತಿಯಾಗಿ ಪಾಲಿಶ್ ಕಂಡ ಕೇಸನ್ನು ಗುರುತಿಸುವುದು ಕಷ್ಟವಲ್ಲ. ಮಾಸಲು ಮತ್ತು ಹೊಳಪು ಕೂಡುವ ಗೆರೆ ಚಾಕುವಿನ ಬಾಯಿಯಂತಿರುವ ಬದಲು ಕರಗಿದಂತಿರುತ್ತದೆ. ನಾಲ್ಕು ಲಗ್‌ಗಳನ್ನು ಮೇಲಿನಿಂದ ಹೋಲಿಸಿದರೆ ಒಂದು ದಪ್ಪ, ಒಂದು ಸಣಕಲು. ಲಗ್‌ಗೆ ಆರಪಾರ ತೂತಿದ್ದರೆ ಅದು ಅಂಚಿಗೆ ಹತ್ತಿರ ಬಂದಂತೆ ಕಾಣುತ್ತದೆ. ಕೊರೆದ ಅಕ್ಷರ, ಚಿನ್ನದ ಶುದ್ಧತೆ ತೋರಿಸುವ ಮುದ್ರೆ ಮಸುಕಾಗಿರುತ್ತವೆ. ಹಳೆಯ ವಾಚುಗಳನ್ನು ಕೊಳ್ಳುವವರು ಮೊದಲು ನೋಡುವುದೇ ಇವನ್ನು. ಗೀರಿರುವ ಆದರೆ ಅಂಚು ಉಳಿದಿರುವ ಕೇಸಿಗೆ ಅವರು ಹೆಚ್ಚು ಬೆಲೆ ಕೊಡುತ್ತಾರೆ.

ಆಳದ ಏಟಿಗೆ ದಾರಿಯೇ ಇಲ್ಲವೆಂದಲ್ಲ. ನುರಿತ ಕಾರ್ಯಾಗಾರಗಳಲ್ಲಿ ಲೇಸರ್ ಬೆಸುಗೆಯಿಂದ ಅದೇ ಲೋಹವನ್ನು ಗುಂಡಿಗೆ ತುಂಬಿ, ಚಪ್ಪಟೆ ಚಕ್ರದ ಮೇಲೆ ಮಟ್ಟ ಮಾಡಿ ಅಂಚನ್ನು ಮತ್ತೆ ಎಬ್ಬಿಸುತ್ತಾರೆ. ಮೆತ್ತನೆಯ ಬಟ್ಟೆಯ ಚಕ್ರಕ್ಕೆ ಸುಮ್ಮನೆ ಒಡ್ಡಿ ಹೊಳೆಯಿಸಿಕೊಡುವ ಕಡೆ ಆಗುವುದು ಇದಕ್ಕೆ ತದ್ವಿರುದ್ಧ. ಯಂತ್ರದ ಸರ್ವೀಸಿಗೆ ವಾಚು ಕೊಟ್ಟಾಗ ಅದರ ಜೊತೆಗೇ ಕೇಳದೆಯೂ ಪಾಲಿಶ್ ಮಾಡಿಬಿಡುವ ರೂಢಿ ಹಲವೆಡೆ ಇದೆ. ನಿಮಗದು ಬೇಡವಾದರೆ ಬಾಯಲ್ಲಿ ಹೇಳಿ ಬಿಡಬೇಡಿ, ರಸೀದಿಯ ಮೇಲೆ ‘ಕೇಸು ಪಾಲಿಶ್ ಬೇಡ’ ಎಂದು ಬರೆಸಿಕೊಂಡೇ ವಾಚು ಕೊಡಿ.