ಮಾತು ನಿಂತ ರೋಗಿಯ ಖಿನ್ನತೆ: ಪಾರ್ಶ್ವವಾಯು ಪುನಶ್ಚೇತನ ವಾರ್ಡಿನಲ್ಲಿ ನಾವು ನೋಡುವ ಕ್ರಮ

ಪುನಶ್ಚೇತನ ವಾರ್ಡಿನಿಂದ ಮನೋವೈದ್ಯರಿಗೆ ಬರುವ ಕರೆಯಲ್ಲಿ ಸಾಮಾನ್ಯವಾಗಿ ಒಂದೇ ಸಾಲು ಇರುತ್ತದೆ: ‘ರೋಗಿ ಫಿಸಿಯೋಥೆರಪಿಗೆ ಸಹಕರಿಸುತ್ತಿಲ್ಲ.’ ಲಕ್ವ ಹೊಡೆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ ಎಂಬುದು ನಿಜ. ಆದರೆ ಸಹಕರಿಸದವರೆಲ್ಲ ಖಿನ್ನರಲ್ಲ. ಮಾತೂ ಹೋಗಿದ್ದರೆ ಈ ಎರಡನ್ನು ಬೇರೆ ಮಾಡುವುದು ಇನ್ನೂ ಕಷ್ಟ.

ಪಾಠಕ್ಕೆಂದು ಹೊಂದಿಸಿದ ಒಂದು ಪ್ರಕರಣ ತೆಗೆದುಕೊಳ್ಳೋಣ. 64 ವರ್ಷದ ಗಂಡಸು, ಮೆದುಳಿನ ಎಡಭಾಗಕ್ಕೆ ಪಾರ್ಶ್ವವಾಯು, ಈಗ ನಾಲ್ಕನೇ ವಾರ. ಬಲಗೈ, ಬಲಗಾಲು ಸೋತಿವೆ. ಹೇಳಿದ್ದು ಬಹುಪಾಲು ಅರ್ಥವಾಗುತ್ತದೆ, ಆದರೆ ಬಾಯಿಂದ ಒಂದೆರಡು ಪದ ಹೊರಡುವುದೂ ಕಷ್ಟ. ಊಟ ಅರ್ಧಕ್ಕೇ ಬಿಡುತ್ತಾರೆ, ಮೊಮ್ಮಗ ಬಂದರೂ ಮುಖ ತಿರುಗಿಸುತ್ತಾರೆ. ಕ್ಲೊಪಿಡೊಗ್ರೆಲ್, ಅಟೋರ್ವಾಸ್ಟಾಟಿನ್, ಜೊತೆಗೆ ಬಿಪಿಗೆ ಟೆಲ್ಮಿಸಾರ್ಟಾನ್ ಮತ್ತು ಹೈಡ್ರೋಕ್ಲೋರೋಥಯಜೈಡ್ ಸೇರಿದ ಮಾತ್ರೆ ನಡೆಯುತ್ತಿದೆ.

ಮೊದಲು ಡೆಲಿರಿಯಂ ಅಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಸುಮ್ಮನೆ ಮಲಗಿರುವ ಬಗೆಯ ಡೆಲಿರಿಯಂ ನೋಡಲು ಥೇಟ್ ಖಿನ್ನತೆಯಂತೆಯೇ. ತಿಂಗಳುಗಳನ್ನು ಹಿಂದಿನಿಂದ ಹೇಳಿಸುವ ಪರೀಕ್ಷೆ ಇಲ್ಲಿ ನಡೆಯದು. ಅದರ ಬದಲು ಒಂದಷ್ಟು ಅಕ್ಷರಗಳನ್ನು ನಿಧಾನವಾಗಿ ಓದಿ, ‘ಅ’ ಬಂದಾಗಲೆಲ್ಲ ಎಡಗೈಯಿಂದ ನಮ್ಮ ಕೈ ಒತ್ತಲು ಹೇಳುತ್ತೇವೆ. ರಾತ್ರಿ ಪಾಳಿಯ ನರ್ಸ್‌ಗೆ ಕೇಳುವ ಪ್ರಶ್ನೆ ಒಂದೇ: ಹೊತ್ತಿಗೊಂದು ರೀತಿ ಇರುತ್ತಾರಾ? ಹೌದೆಂದರೆ ಮೂತ್ರದ ಸೋಂಕು, ಮಲಬದ್ಧತೆ, ನೋವು, ಸೋಡಿಯಂ ಮೊದಲು ನೋಡಿ. ಈ ರೋಗಿಯ ಗಮನ ಸರಿಯಿತ್ತು, ಸೋಡಿಯಂ ಮಾತ್ರ 131. ಅದು ಮುಂದೆ ಲೆಕ್ಕಕ್ಕೆ ಬರುತ್ತದೆ.

ಆಮೇಲೆ ಅವರ ಹೌದು-ಇಲ್ಲವನ್ನು ಎಷ್ಟು ನಂಬಬಹುದು ಎಂದು ನೋಡಿ. ‘ಲೈಟ್ ಉರೀತಿದೆಯಾ?’, ‘ನೀವು ಹೆಂಗಸಾ?’ ಎಂಬಂಥ ಉತ್ತರ ಗೊತ್ತಿರುವ ಪ್ರಶ್ನೆಗಳನ್ನು ಕೇಳಿ. ಸನ್ನೆ ತಪ್ಪದಿದ್ದರೆ ಮಾತ್ರ ಮುಂದೆ ಹೋಗಿ. ‘ಮನಸ್ಸಿಗೆ ಬೇಜಾರಿದೆಯಾ?’ ಎಂದು ಕೇಳಿದ ಸ್ವಲ್ಪ ಹೊತ್ತಿಗೆ ‘ಮನಸ್ಸು ಆರಾಮಾಗಿದೆಯಾ?’ ಎಂದೂ ಕೇಳಬೇಕು. ಎರಡಕ್ಕೂ ತಲೆಯಾಡಿಸಿದರೆ ಆ ಉತ್ತರಕ್ಕೆ ಬೆಲೆಯಿಲ್ಲ. ಸಾಯಬೇಕು ಅನ್ನಿಸುತ್ತದೆಯೇ ಎಂಬುದನ್ನೂ ಹೀಗೆಯೇ, ಮನೆಯವರನ್ನು ಹೊರಗೆ ಕಳಿಸಿ, ನೇರವಾಗಿ ಕೇಳಬೇಕು. ಮಾತಿಲ್ಲ ಎಂಬ ಕಾರಣಕ್ಕೆ ಈ ಪ್ರಶ್ನೆಯನ್ನೇ ಬಿಡುವುದು ಟಿಪ್ಪಣಿಗಳಲ್ಲಿ ಮತ್ತೆ ಮತ್ತೆ ಕಾಣುವ ಲೋಪ.

ಪಿಎಚ್‌ಕ್ಯೂ-9 ಇಂಥವರಿಗೆ ಹೊಂದದು. ನಾವು ಬಳಸುವುದು ಎಸ್‌ಎಡಿಕ್ಯೂ-ಎಚ್10. ಅಳು, ನಿದ್ದೆಗೇಡು, ಕಣ್ಣು ತಪ್ಪಿಸುವುದು, ಸುಮ್ಮನೆ ಕೂರುವುದು ಮೊದಲಾದ 10 ವರ್ತನೆಗಳು ಕಳೆದ ವಾರ ಎಷ್ಟು ದಿನ ಕಂಡವು ಎಂದು ನರ್ಸ್ ತುಂಬುತ್ತಾರೆ. ಒಟ್ಟು ಅಂಕ 30. ಅದರಲ್ಲಿ 6 ಅಥವಾ ಹೆಚ್ಚು ಬಂದರೆ ವಿವರವಾಗಿ ನೋಡಬೇಕು. ರೋಗಿಯನ್ನು ದಿನವೂ ಕಾಣುವವರೇ ತುಂಬಬೇಕು. ಆ ದಿನವಷ್ಟೇ ಬಂದವರು ತುಂಬಿದ ಅಂಕಿಗೆ ಅರ್ಥವಿಲ್ಲ. ಇವರಿಗೆ ಬಂದದ್ದು 14.

ಅಂಕಿ ಇಷ್ಟಾದರೂ ಎರಡು ಬೇರೆ ಸ್ಥಿತಿಗಳನ್ನು ತಳ್ಳಿಹಾಕಬೇಕು. ನಿರಾಸಕ್ತಿಯಲ್ಲಿ ದುಃಖ ಇರದು. ಯಾರಾದರೂ ಎಬ್ಬಿಸಿ ಶುರುಮಾಡಿಸಿದರೆ ಕೆಲಸ ಮಾಡುತ್ತಾರೆ, ಬಿಟ್ಟರೆ ಮತ್ತೆ ಸುಮ್ಮನಾಗುತ್ತಾರೆ. ಹತೋಟಿಯಿಲ್ಲದ ಅಳುವಾದರೆ ಸಣ್ಣ ನೆಪಕ್ಕೆ ಥಟ್ಟನೆ ಬಂದು, ನಿಮಿಷದಲ್ಲಿ ನಿಂತು, ಉಳಿದ ಹೊತ್ತು ಮನಸ್ಸು ಸಹಜವಾಗಿರುತ್ತದೆ. ಇವರದ್ದು ಎರಡೂ ಅಲ್ಲ. ದಿನವಿಡೀ ಬೇಸರ, ಬೆಳಗಿನ ಜಾವಕ್ಕೇ ಎಚ್ಚರ, ಮನೆಗೆ ಭಾರವಾದೆ ಎಂಬುದಕ್ಕೆ ಸ್ಪಷ್ಟವಾದ ‘ಹೌದು’. ಸೊಸೆ ಮೈತೊಳೆಸುವಾಗಲೇ ಅತಿಹೆಚ್ಚು ಸಿಡುಕುತ್ತಾರೆ ಎಂದು ಹೆಂಡತಿ ಹೇಳಿದ್ದರಿಂದ ಆ ಕೆಲಸ ಪುರುಷ ಸಹಾಯಕರಿಗೆ ಹೋಯಿತು. ಫಿಸಿಯೋಥೆರಪಿಯನ್ನು ಅವರು ದಣಿಯುವ ಮಧ್ಯಾಹ್ನದಿಂದ ಬೆಳಿಗ್ಗೆಗೆ ತಂದು, ಎರಡು ಚಿಕ್ಕ ಅವಧಿಗಳಾಗಿ ಒಡೆದದ್ದೂ ಚಿಕಿತ್ಸೆಯೇ.

ಔಷಧಿಗೆ ಮುಂಚೆ ಸೋಡಿಯಂ. ಥಯಜೈಡ್ ಮತ್ತು ಎಸ್‌ಎಸ್‌ಆರ್‌ಐ ಎರಡೂ ಅದನ್ನು ಇಳಿಸುತ್ತವೆ. ವಯಸ್ಸಾದವರಲ್ಲಿ ಒಟ್ಟಿಗೆ ಸೇರಿದರೆ ಮೊದಲ ಕೆಲವು ವಾರಗಳಲ್ಲೇ ಮಂಪರು, ಬೀಳುವುದು, ಫಿಟ್ಸ್‌ವರೆಗೂ ಹೋಗಬಹುದು. ಫಿಸಿಷಿಯನ್ ಜೊತೆ ಮಾತಾಡಿ ಥಯಜೈಡ್ ಬದಲು ಆಮ್ಲೋಡಿಪಿನ್ ಹಾಕಿ, ಸೋಡಿಯಂ 136ಕ್ಕೆ ಬಂದ ಮೇಲೆ ಸರ್ಟ್ರಲಿನ್ 25 ಮಿ.ಗ್ರಾಂ ಬೆಳಿಗ್ಗೆ ತಿಂಡಿಯ ನಂತರ, ವಾರದ ಬಳಿಕ 50. ಸೋಡಿಯಂ ಮತ್ತೆ 1, 2 ಮತ್ತು 4ನೇ ವಾರ. ಇಳಿಯತೊಡಗಿದರೆ ರಾತ್ರಿ ಮಿರ್ಟಜಪಿನ್ 7.5ಕ್ಕೆ ಬದಲಿಸುವುದು ಮೇಲು. ಅದರಲ್ಲಿ ಈ ಅಪಾಯ ಕಡಿಮೆ, ಹಸಿವು ನಿದ್ದೆಗೂ ಒಳ್ಳೆಯದು. ಫ್ಲುವೋಕ್ಸಮಿನ್, ಫ್ಲುವೋಕ್ಸೆಟಿನ್ ಇಲ್ಲಿ ಬೇಡ: ಕ್ಲೊಪಿಡೊಗ್ರೆಲ್ ಕೆಲಸಮಾಡಬೇಕಾದರೆ ಬೇಕಾದ ಸಿವೈಪಿ2ಸಿ19 ಕಿಣ್ವವನ್ನು ಅವು ತಡೆಯುತ್ತವೆ. ಯಾವ ಎಸ್‌ಎಸ್‌ಆರ್‌ಐ ಆದರೂ ಕ್ಲೊಪಿಡೊಗ್ರೆಲ್ ಜೊತೆ ರಕ್ತಸ್ರಾವದ ಅಪಾಯ ಏರುತ್ತದೆ, ಹಾಗಾಗಿ ಕಪ್ಪು ಮಲದ ಬಗ್ಗೆ ಮನೆಯವರಿಗೆ ಮೊದಲೇ ಹೇಳಿಡಬೇಕು. ಭುಜದ ನೋವಿಗೆಂದು ಟ್ರಮಡಾಲ್ ಚೀಟಿಗೆ ಸೇರಿಕೊಂಡಿದೆಯೇ ಎಂದೂ ನೋಡಿ.

‘ಎಲ್ಲರಿಗೂ ಮುಂಚೆಯೇ ಕೊಟ್ಟುಬಿಡೋಣ’ ಎಂಬ ಸಲಹೆ ವಾರ್ಡ್ ರೌಂಡ್‌ನಲ್ಲಿ ಆಗಾಗ ಬರುತ್ತದೆ. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಫೋಕಸ್ ಪ್ರಯೋಗದಲ್ಲಿ ಪಾರ್ಶ್ವವಾಯುವಾದವರಿಗೆ ಆರು ತಿಂಗಳು ಫ್ಲುವೋಕ್ಸೆಟಿನ್ 20 ಮಿ.ಗ್ರಾಂ ಕೊಟ್ಟಾಗ ಹೊಸದಾಗಿ ಖಿನ್ನತೆ ಬಂದವರು ಕಡಿಮೆಯಾದರು, ಆದರೆ ಮೂಳೆ ಮುರಿತ ಹೆಚ್ಚಿತು, ಓಡಾಟ ಸ್ವಾವಲಂಬನೆ ಸುಧಾರಿಸಲಿಲ್ಲ. ಆದ್ದರಿಂದ ಖಿನ್ನತೆ ಇದ್ದವರಿಗೆ ಮಾತ್ರ.

ನಾಲ್ಕು ವಾರದ ಬಳಿಕ ಅದೇ ನರ್ಸ್ ಮತ್ತೆ ಅಂಕಿ ತುಂಬಲಿ. ಚೇತರಿಕೆ ಚೆನ್ನಾಗಿದ್ದರೆ, ಗುಣವಾದ ಮೇಲೆ ಕನಿಷ್ಠ ಆರು ತಿಂಗಳು ಮುಂದುವರಿಸಿ, ನಿಧಾನವಾಗಿ ಇಳಿಸಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಮುಂದಿನ ಸೋಡಿಯಂ ಪರೀಕ್ಷೆಯ ತಾರೀಖು, ಮಾತ್ರೆ ಮರುಪರಿಶೀಲಿಸುವ ತಿಂಗಳು, ‘ಥಯಜೈಡ್ ಮತ್ತೆ ಶುರುಮಾಡಬೇಡಿ’ ಎಂಬ ಸಾಲು, ಮೂರೂ ಇರಲಿ. ಇಲ್ಲವಾದರೆ ಊರಿನ ಡಾಕ್ಟರ್ ಬಿಪಿ ಏರಿದೆಯೆಂದು ಹಳೆಯ ಮಾತ್ರೆಯನ್ನೇ ಬರೆಯುತ್ತಾರೆ.