ಉರುಳುವ ಚಕ್ರ ನೆಲ ಮುಟ್ಟಿದ ಬಿಂದುವಿನ ಸುತ್ತ ತಿರುಗುತ್ತೆ: ಫೋಟೋದಲ್ಲಿ ಹಿಡಿದ ನನ್ನ ಅನುಭವ

ಪಿಯುಸಿಗೆ ಫಿಸಿಕ್ಸ್ ಹೇಳೋರಿಗೆಲ್ಲ ಈ ಲೆಕ್ಕ ಗೊತ್ತು. ಉರುಳುವ ಚಕ್ರದ ಚಲನಶಕ್ತಿಯನ್ನು ½mv² + ½Iω² ಅಂತ ಎರಡು ತುಂಡು ಮಾಡಿ ಕೂಡಿಸಬಹುದು. v ಮುಂದೆ ಹೋಗುವ ವೇಗ, ω ತಿರುಗುವ ವೇಗ, I ನಡುವಿನ ಅಕ್ಷದ ಸುತ್ತಲಿನ ಮೊಮೆಂಟ್ ಆಫ್ ಇನರ್ಷಿಯಾ, ಅಂದರೆ ತಿರುಗಿಸೋಕೆ ಹೋದರೆ ಚಕ್ರ ತೋರಿಸುವ ಜಡತ್ವ. ಇಲ್ಲವೇ ಚಕ್ರ ಪೂರ್ತಿ ನೆಲ ಮುಟ್ಟಿದ ಬಿಂದುವಿನ ಸುತ್ತ ತಿರುಗುತ್ತಿದೆ ಅಂತ ಹಿಡಿದು ಒಂದೇ ಏಟಿಗೆ ½I_Pω² ಬರೆಯಬಹುದು, I_P ಅಂದರೆ ಆ ಬಿಂದುವಿನ ಸುತ್ತಲಿನ ಮೊಮೆಂಟ್ ಆಫ್ ಇನರ್ಷಿಯಾ. ಬೋರ್ಡಿನ ಮೇಲೆ ಎರಡು ಸಾಲಲ್ಲಿ ಮುಗಿಯುತ್ತೆ. ಆದರೆ ಮಕ್ಕಳು ನಂಬೋದಿಲ್ಲ. ಮಕ್ಕಳೇನು, ನಮ್ಮ ಸ್ಟಾಫ್ ರೂಮಿನ ಹಿರಿಯರೊಬ್ಬರೂ ನಂಬಲಿಲ್ಲ. "ಮುಟ್ಟೋ ಬಿಂದು ಕ್ಷಣಕ್ಕೊಂದು ಬದಲಾಗ್ತಾ ಇರುತ್ತಲ್ಲ ಮೇಷ್ಟ್ರೇ, ಅದನ್ನ ಹಿಡ್ಕೊಂಡು ಹೇಗ್ರೀ ಶಕ್ತಿ ಲೆಕ್ಕ ಹಾಕ್ತೀರಾ? ಅದು ಬರೀ ಕಾಗದದ ಆಟ" ಅಂದರು. ಕಾಗದ ಬಿಟ್ಟು ತೋರಿಸೋಣ ಅಂತ ಹೊರಟೆ.

ಮೊದಲು ಕೈ ಹಾಕಿದ್ದು ಹಳೇ ಸೈಕಲ್ ಚಕ್ರಕ್ಕೆ. ಅದು ಕೆಲಸಕ್ಕೆ ಬರಲಿಲ್ಲ. ಟ್ಯೂಬಿನ ವಾಲ್ವ್ ಇರುವ ಕಡೆ ಭಾರ ಜಾಸ್ತಿ, ನಿಧಾನವಾದರೆ ಸಾಕು, ಅದು ಹೋಗಿ ಕೆಳಗೇ ನಿಲ್ಲುತ್ತಿತ್ತು. ಟೈರ್ ಬೇರೆ ನೆಲಕ್ಕೆ ಚಪ್ಪಟೆಯಾಗಿ ಕೂರುತ್ತೆ, ಮುಟ್ಟುವ ಬಿಂದು ಯಾವುದು ಅಂತಲೇ ಹೇಳೋಕಾಗಲ್ಲ. ಆಮೇಲೆ ಬಡಗಿ ಹತ್ತಿರ 18 ಎಂ.ಎಂ. ಪ್ಲೈವುಡ್‌ನಲ್ಲಿ ದುಂಡಗೆ ಕತ್ತರಿಸಿಕೊಂಡೆ. 40 ಸೆಂ.ಮೀ. ಅಡ್ಡಗಲ, ತೂಕ 1.35 ಕೆ.ಜಿ. ಆಸುಪಾಸು. ಮೊದಲನೇದು ಮಳೆಗಾಲದಲ್ಲಿ ಸೊಟ್ಟಗಾಗಿ ಮುನ್ನೂರು ಚಿಲ್ಲರೆ ರೂಪಾಯಿ ನೀರಿಗೆ ಹೋಯಿತು. ಎರಡನೇದಕ್ಕೆ ಎರಡೂ ಕಡೆ ಕಪ್ಪು ಪೇಂಟ್ ಹೊಡೆಸಿದೆ, ಅದು ಇವತ್ತಿಗೂ ಚೆನ್ನಾಗಿದೆ. ಹಲಗೆ, ಪೇಂಟ್, ಬಡಗಿ ಕೂಲಿ ಎಲ್ಲ ಸೇರಿ ಎರಡು ಸಾವಿರ ದಾಟಿರಲಿಕ್ಕಿಲ್ಲ. ಕಾಲೇಜಿನಿಂದ ಒಂದು ಪೈಸೆ ಕೇಳಲಿಲ್ಲ, ಕೇಳಿದ್ದರೂ ಸಿಗುತ್ತಿರಲಿಲ್ಲ ಬಿಡಿ.

ಕಪ್ಪು ತಟ್ಟೆಯ ಮೇಲೆ ನಾಲ್ಕು ನಾಲ್ಕು ಸೆಂ.ಮೀ. ದೂರಕ್ಕೆ ಬಿಳಿ ಚುಕ್ಕೆ ಇಟ್ಟೆ. ಎಂಟಡಿ ಹಲಗೆಯ ಒಂದು ತುದಿಯನ್ನು 10 ಸೆಂ.ಮೀ. ಎತ್ತಿ, ಅಲ್ಲಿಂದ ಉರುಳಿಸಿ, ಕೆಳಗೆ ಸಮತಟ್ಟು ಜಾಗಕ್ಕೆ ಬಂದಾಗ ಪಕ್ಕದಿಂದ ಫೋಟೋ. ಪೂರ್ತಿ ಆಟ ಇರೋದು ಶಟರಿನಲ್ಲಿ. 1/8 ಸೆಕೆಂಡು ತೆರೆದಿಟ್ಟರೆ ಚಕ್ರ ಅಷ್ಟರಲ್ಲಿ ಅರ್ಧ ಗೇಣಿಗಿಂತ ಜಾಸ್ತಿ ಮುಂದೆ ಹೋಗಿರುತ್ತೆ, ಗೆರೆಗಳೆಲ್ಲ ಕಲಸಿಹೋಗುತ್ತವೆ. 1/250 ಇಟ್ಟರೆ ಚುಕ್ಕೆ ಹೆಚ್ಚುಕಮ್ಮಿ ಚುಕ್ಕೆಯಾಗಿಯೇ ಉಳಿಯುತ್ತೆ. 1/30ಕ್ಕೆ ಸರಿಹೋಯಿತು.

ಆ ಫೋಟೋ ನೋಡಬೇಕು ನೀವು. ನೆಲಕ್ಕೆ ಹತ್ತಿರದ ಚುಕ್ಕೆಗಳು ಚುಕ್ಕೆಯಾಗಿಯೇ ಇವೆ. ಮೇಲೆ ಹೋದ ಹಾಗೆ ಚಿಕ್ಕ ಚಿಕ್ಕ ಕಮಾನು, ಇನ್ನೂ ಮೇಲೆ ಉದ್ದನೆಯ ಕಮಾನು. ಎಲ್ಲವೂ ಒಂದೇ ಜಾಗದ ಸುತ್ತ ಕೈವಾರದಲ್ಲಿ ಎಳೆದ ಹಾಗೆ ಕೂತಿವೆ, ಆ ಜಾಗ ಚಕ್ರ ನೆಲ ಮುಟ್ಟಿದ ಕಡೆ. ಸ್ಕೇಲ್ ಇಟ್ಟು ಅಳೆದರೆ, ನಿಜ ಅಳತೆಗೆ ತಂದಾಗ, ನಡುವಿನ ಚುಕ್ಕೆಯ ಗೆರೆ ಮೂರೂವರೆ ಸೆಂ.ಮೀ. ಮೇಲೆ ಚೂರು, ತುತ್ತತುದಿಯದು ಅದರ ಎರಡರಷ್ಟು. ಬಿಂದು ಮರುಕ್ಷಣ ಬದಲಾಗುತ್ತೆ ಅನ್ನೋದು ನಿಜವೇ. ಆದರೆ ಚಲನಶಕ್ತಿಗೆ ಬೇಕಾಗಿರೋದು ಈ ಕ್ಷಣದ ವೇಗ ಮಾತ್ರ. ಈ ಕ್ಷಣದ ವೇಗವೆಲ್ಲ ಈ ಬಿಂದುವಿನ ಸುತ್ತಲೇ ಇದೆ, ಅಷ್ಟು ಸಾಕಲ್ವಾ?

ಹಿರಿಯರು ಫೋಟೋ ಒಪ್ಪಿದರು, ಶಕ್ತಿ ಒಪ್ಪಲಿಲ್ಲ. "I_P ಅನ್ನ ಸಮಾಂತರ ಅಕ್ಷ ಪ್ರಮೇಯದಿಂದ ತಂದರೆ ಎರಡು ಲೆಕ್ಕವೂ ಒಂದೇ ಬರುತ್ತೆ, ಅದರಲ್ಲೇನಿದೆ?" ಅಂದರು. ಆ ಮಾತು ಸರಿ. ಆ ಪ್ರಮೇಯ ನಡುವಿನ I ಗೆ mR² ಕೂಡಿಸಿ I_P ಕೊಡುತ್ತೆ, ಒಂದರಿಂದಲೇ ಇನ್ನೊಂದು ಹುಟ್ಟಿದ ಹಾಗಾಯಿತು. ಹಾಗಾಗಿ ಎರಡನ್ನೂ ಬೇರೆ ಬೇರೆ ಅಳೆದೆ.

I_Pಗೆ ತಟ್ಟೆಯ ಅಂಚಿಗೆ ಸಣ್ಣ ಕಬ್ಬಿಣದ ಕೊಂಡಿ ಹಾಕಿ ಗೋಡೆಗೆ ತೂಗುಬಿಟ್ಟೆ, ತಟ್ಟೆ ಅದರದೇ ಸಮತಲದಲ್ಲಿ ಲೋಲಕದ ಹಾಗೆ ಆಡಬೇಕು. ಅಂಚಿನಿಂದ ತೂಗಿದ್ದರಿಂದ ಸಿಗೋದು ಅಂಚಿನ ಸುತ್ತಲಿನ ಮೊಮೆಂಟ್ ಆಫ್ ಇನರ್ಷಿಯಾ, ಅಂದರೆ ನೇರ I_P. 20 ಆಟಕ್ಕೆ 22 ಸೆಕೆಂಡಿನ ಹತ್ತಿರ ಬಂತು. I_P = mgRT²/4π² ಅಂತ ಹಾಕಿದರೆ 0.081. ನಡುವಿನ ಅಕ್ಷಕ್ಕೆ ತಟ್ಟೆಯನ್ನು ಮಲಗಿಸಿ, ಅಂಚಿಗೆ ಮೂರು ದಾರ ಕಟ್ಟಿ, ಒಂದು ಮೀಟರ್ ಕೆಳಗೆ ತೂಗಿ, ಸ್ವಲ್ಪ ತಿರುಚಿ ಬಿಟ್ಟೆ. 20 ಆಟಕ್ಕೆ 28 ಸೆಕೆಂಡು ಚಿಲ್ಲರೆ, I ಬಂದಿದ್ದು 0.027. ದಾರ ಮೂರೂ ಒಂದೇ ಉದ್ದ ಇರಬೇಕು. ಇಲ್ಲದಿದ್ದರೆ ತಟ್ಟೆ ತಿರುಚುವುದರ ಜೊತೆಗೆ ಪಕ್ಕಕ್ಕೂ ತೂಗುತ್ತೆ, ಎಣಿಕೆ ಹಾಳು.

ಉರುಳಿಸಿದಾಗ ಕೆಳಗೆ ವೇಗ ಸೆಕೆಂಡಿಗೆ 1.1 ಮೀಟರ್, ಒಂದು ಸುತ್ತಿಗೆ 1.15 ಸೆಕೆಂಡು, ಅಂದರೆ ω ಸೆಕೆಂಡಿಗೆ ಐದೂವರೆ ರೇಡಿಯನ್. ಇದಕ್ಕೆ ಮೊಬೈಲಿನ ಸ್ಲೋ ಮೋಷನ್ ಸಾಕು. ತುಂಡು ಮಾಡಿದ ಲೆಕ್ಕ: ಮುಂದೆ ಹೋಗುವುದಕ್ಕೆ 0.82 ಜೂಲ್, ತಿರುಗುವುದಕ್ಕೆ 0.41, ಒಟ್ಟು 1.23. ಒಂದೇ ಏಟಿನ ಲೆಕ್ಕ: ½ × 0.081 × 5.5², ಅದೂ 1.23. ಹಿರಿಯರು ಕ್ಯಾಲ್ಕ್ಯುಲೇಟರ್ ಇಸ್ಕೊಂಡು ಇನ್ನೊಂದು ಸಲ ತಾವೇ ಒತ್ತಿ ನೋಡಿದರು. ನಾನು ಸುಮ್ನೆ ಟೀ ಕುಡೀತಾ ಕೂತಿದ್ದೆ.

ಮೇಲಿದ್ದಾಗಿನ ಸ್ಥಿತಿಶಕ್ತಿ mgh 1.32 ಜೂಲ್ ಇದೆ, ಉಳಿದದ್ದು ಎಲ್ಲಿ ಹೋಯಿತು ಅಂತ ಕೇಳ್ತೀರಿ. ಉರುಳುವಾಗಿನ ಘರ್ಷಣೆ. ಮೊದಮೊದಲು ಜಾರದಿರಲಿ ಅಂತ ಹಲಗೆ ಮೇಲೆ ಮೆತ್ತನೆಯ ರಬ್ಬರ್ ಹಾಸಿದ್ದೆ, ಅದಕ್ಕೇ ನಾನೂರು ರೂಪಾಯಿ ಕೊಟ್ಟಿದ್ದೆ. ಅದು ಮೂರರಲ್ಲೊಂದು ಪಾಲು ಶಕ್ತಿ ನುಂಗುತ್ತಿತ್ತು. ಬರೀ ಹಲಗೆಯೇ ವಾಸಿ, ಇಷ್ಟು ಕಮ್ಮಿ ಇಳಿಜಾರಿನಲ್ಲಿ ಜಾರೋದೂ ಇಲ್ಲ. ಆದರೂ ರಬ್ಬರ್ ಮೇಲೆ ಕೂಡ ಎರಡು ಲೆಕ್ಕ ಒಂದಕ್ಕೊಂದು ಹೊಂದುತ್ತಿದ್ದವು. ನಷ್ಟ ವೇಗದಲ್ಲೇ ಸೇರಿಹೋಗಿರುತ್ತೆ, ಎರಡೂ ಲೆಕ್ಕ ಅದೇ ವೇಗದಿಂದ ಶುರುವಾಗುತ್ತವೆ.

ತಟ್ಟೆಯನ್ನು ಓಲಾಡದ ಹಾಗೆ ಬಿಡೋದಕ್ಕೆ ಒಂದು ಉಪಾಯ ಇದೆ. ಅದನ್ನ ಇಲ್ಲಿ ಬರೆಯಲ್ಲ, ನಮ್ಮ ಕಾಲೇಜಿಗೆ ಬಂದರೆ ತೋರಿಸ್ತೀನಿ.

ಇದರ ಮಧ್ಯೆ ಒಂದು ತಂಟೆಯನ್ನೂ ಮಾಡಿದೆ. ಅಂಚಿನ ಹತ್ತಿರ ದಪ್ಪ ಬೋಲ್ಟ್ ಬಿಗಿದು ಉರುಳಿಸಿದೆ. ಚಕ್ರ ಕುಂಟುತ್ತಾ ಹೋಗುತ್ತೆ: ಬೋಲ್ಟ್ ಕೆಳಗೆ ಬಂದಾಗ ಜೋರು, ಮೇಲೆ ಹೋದಾಗ ನಿಧಾನ. I_P ಕ್ಷಣಕ್ಷಣಕ್ಕೂ ಬದಲಾದರೂ, ಆ ಕ್ಷಣದ I_P ಹಾಕಿದರೆ ½I_Pω² ಸರಿಯಾಗಿಯೇ ಕೊಡುತ್ತೆ. ಆದರೆ ಇದೇ ಧೈರ್ಯದಲ್ಲಿ ಟಾರ್ಕ್ = I_Pα ಅಂತ ಬರೆಯೋಕೆ ಹೋಗಬೇಡಿ. ಮುಟ್ಟಿದ ಬಿಂದುವಿಗೆ ವೇಗ ಸೊನ್ನೆ, ವೇಗೋತ್ಕರ್ಷ ಸೊನ್ನೆಯಲ್ಲ, ಅದು ನಡುವಿನ ಕಡೆಗೆ v²/R ಇದೆ. ಸಮತೂಕದ ಚಕ್ರದಲ್ಲಿ ಇದು ತೊಂದರೆ ಕೊಡಲ್ಲ, ಕುಂಟು ಚಕ್ರದಲ್ಲಿ ಕೊಡುತ್ತೆ.

ಜಾರಿದರೆ ಮಾತ್ರ ಎಲ್ಲ ಕೆಡುತ್ತೆ. ಬೇಕಂತಲೇ ಕೇರಂ ಪೌಡರ್ ಉದುರಿಸಿ, ಹಲಗೆಯನ್ನು ಕಡಿದಾಗಿ ನಿಲ್ಲಿಸಿ, ಇಳಿಜಾರಿನಲ್ಲೇ ಫೋಟೋ ತೆಗೆದೆ. ಜಾರಿದ್ದು ಗೊತ್ತಾಗೋದು ಕೆಳಗಿನ ಚುಕ್ಕೆಯಿಂದ, ಅದು ಚುಕ್ಕೆಯಾಗಿ ಉಳಿಯದೆ ಗೆರೆಯಾಗಿರುತ್ತೆ. ಕಮಾನುಗಳು ಆಗಲೂ ಒಂದು ಕೇಂದ್ರದ ಸುತ್ತಲೇ ಇರುತ್ತವೆ, ಆದರೆ ಆ ಕೇಂದ್ರ ಹಲಗೆಯಿಂದ ಕೆಳಗೆ, ಚಕ್ರದ ನಡುವಿನಿಂದ v/ω ದೂರದಲ್ಲಿ. ಅಂಚಿನಿಂದ ತೂಗಿ ಅಳೆದ I_P ಅಲ್ಲಿಗೆ ಹೊಂದಲ್ಲ, ಶಕ್ತಿ ಕಮ್ಮಿ ತೋರಿಸುತ್ತೆ. ಹಾಗಾಗಿ ಈಗ ಪ್ರತಿ ಸಲ ಲೆಕ್ಕಕ್ಕೆ ಕೂರುವ ಮೊದಲು ಫೋಟೋ ದೊಡ್ಡದು ಮಾಡಿ ನೆಲದ ಹತ್ತಿರದ ಚುಕ್ಕೆ ನೋಡುತ್ತೇನೆ. ಬಾಲ ಬಂದಿದ್ದರೆ ಆ ಸಲದ್ದು ಬಿಟ್ಟು ಇನ್ನೊಂದು ಸಲ ಉರುಳಿಸುತ್ತೇನೆ.